ಗೋಡೌನ್ ಒಳಗ ಫೋರ್ಕ್‌ಲಿಫ್ಟ್ ಡಿಕ್ಕಿ: ಸೇಫ್ಟಿ ಕಮಿಟಿಗೆ ಕೊಡೋ ವರದಿ ನೋಡಿ ಹೇಳ್ರಿ

ತಾರಿಹಾಳ_ಎರಡನೇಪಾಳಿ

ಗುರುವಾರ ಸೇಫ್ಟಿ ಕಮಿಟಿ ಮೀಟಿಂಗ್ ಐತ್ರಿ. ಅಲ್ಲಿ ಇಡೋ ವರದಿ ಬರದೇನಿ, ಕೊಡೂಕಿಂತ ಮೊದಲು ತಿಳಿದವರು ಒಮ್ಮೆ ನೋಡ್ರಿ. ಕಂಪನಿ ಹೆಸರು ಬ್ಯಾಡ, ಹುಬ್ಬಳ್ಳಿ ತಾರಿಹಾಳ ಕಡೆ ಒಂದು ಗೋಡೌನ್ ಅಂತ ತಿಳ್ಕೊಳ್ರಿ.

"ಸಂಜೆ 6.40ಕ್ಕೆ 4ನೇ ಸಾಲಿನಿಂದ ಲೋಡ್ ಸಹಿತ ಹೊರಬರುತ್ತಿದ್ದ 2.5 ಟನ್ನಿನ ಡೀಸೆಲ್ ಫೋರ್ಕ್‌ಲಿಫ್ಟ್, ಅಡ್ಡದಾರಿಯಲ್ಲಿ ಹ್ಯಾಂಡ್ ಪ್ಯಾಲೆಟ್ ಟ್ರಕ್ ಎಳೆಯುತ್ತಿದ್ದ ಹೆಲ್ಪರ್‌ಗೆ ಡಿಕ್ಕಿ ಹೊಡೆದು, ನಂತರ ರ‍್ಯಾಕಿನ ಮೂಲೆಯ ಕಂಬಕ್ಕೆ ತಾಗಿದೆ. ಹೆಲ್ಪರ್‌ನ ಎಡಗಾಲಿನ ಹರಡು ಮುರಿದಿದೆ. ಬ್ರೇಕ್ ಫೇಲ್ ಆಯಿತೆಂದು ಚಾಲಕ ಹೇಳಿದ್ದಾನೆ. ಮರುದಿನ ಬೆಳಿಗ್ಗೆ ಪರೀಕ್ಷಿಸಿದಾಗ ಬ್ರೇಕ್ ಸರಿ ಇದೆ. ಫೋರ್ಕ್ ನೆಲದಿಂದ 4 ಸೆಂ.ಮೀ. ಎತ್ತರದಲ್ಲಿತ್ತು. ಕಾರಣ: ಚಾಲಕನ ಅಜಾಗರೂಕತೆ ಮತ್ತು ಅತಿವೇಗ. ಕ್ರಮ: ಚಾಲಕನಿಗೆ ಎಚ್ಚರಿಕೆ ಪತ್ರ, ಎಲ್ಲ ಚಾಲಕರಿಗೆ ತಿಳಿವಳಿಕೆ, ಮೂಲೆಯಲ್ಲಿ ಕನ್ನಡಿ."

ಇಷ್ಟ ಸಾಕಾ, ಇನ್ನೂ ಏನರೆ ಹಾಕಬೇಕಾ?

ಬೇಲೂರು_ಸೇಫ್ಟಿ

ಘಟನೆ ಬರೆದಿರೋದು ಚೊಕ್ಕ ಐತಿ. ಕಾರಣದ ಸಾಲು ಮಾತ್ರ ಕಮಿಟಿ ಮುಂದೆ ಎರಡು ನಿಮಿಷ ನಿಲ್ಲೂದಿಲ್ಲ. "ಅತಿವೇಗ" ಅಂದೀರಿ, ಎಷ್ಟು ವೇಗ? "ಅಜಾಗರೂಕತೆ" ಅಂದೀರಿ, ಅವನು ನೋಡಲಿಲ್ಲೋ, ಅವನಿಗೆ ಕಾಣಲಿಲ್ಲೋ? ಇವೆರಡೂ ಬೇರೆ ಬೇರೆ. ನೋಡಲಿಲ್ಲ ಅಂದ್ರ ಚಾಲಕನ ಜೊತೆ ಮಾತಾಡಬೇಕು. ಕಾಣಲಿಲ್ಲ ಅಂದ್ರ ಆ ಸೀಟಿನಲ್ಲಿ ಯಾರು ಕೂತಿದ್ರೂ ಅದೇ ಆಗ್ತಿತ್ತು, ಎಚ್ಚರಿಕೆ ಪತ್ರ ಕೊಟ್ಟು ಏನೂ ಬದಲಾಗಲ್ಲ.

ಮೂರು ಅಳತೆ ತಗೊಂಡು ಬನ್ನಿ. ಲೋಡಿನ ತುದಿ ನೆಲದಿಂದ ಎಷ್ಟು ಎತ್ತರ ಇತ್ತು, ಚಾಲಕ ಸೀಟಿನಲ್ಲಿ ಕೂತಾಗ ಕಣ್ಣಿನ ಎತ್ತರ ಎಷ್ಟು, ಕಣ್ಣಿನಿಂದ ಲೋಡಿನ ಮುಂದಿನ ಅಂಚಿಗೆ ಅಡ್ಡ ಅಂತರ ಎಷ್ಟು. ಟೇಪ್ ಹಿಡಿಯೋಕೆ ಹತ್ತು ನಿಮಿಷದ ಕೆಲಸ.

ಸಿಸಿಟಿವಿ ಇದ್ರ ಮೊದಲು ಆ ತುಣುಕನ್ನ ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ. ಡಿವಿಆರ್ ಡಿಸ್ಕ್ ತುಂಬಿದ ಕೂಡಲೇ ಹಳೇದರ ಮೇಲೆ ಬರ್ಕೊಂಡು ಹೋಗ್ತದ, ಮೀಟಿಂಗ್ ದಿನ ಹುಡುಕಿದ್ರ ಸಿಗೂದಿಲ್ಲ.

ಹಳೇ_ಫಿಟ್ಟರ್_ಹುಬ್ಬಳ್ಳಿ

ಆ 4 ಸೆಂ.ಮೀ. ತಗದು ಹಾಕ್ರಿ ಮೊದಲ. ರಾತ್ರಿಯೆಲ್ಲ ಲೋಡ್ ಹೊತ್ತು ನಿಂತ ಗಾಡಿ ಅದು. ಲಿಫ್ಟ್ ಸಿಲಿಂಡರಿನ ಸೀಲಿನಾಗಿಂದ, ಕಂಟ್ರೋಲ್ ವಾಲ್ವಿನಾಗಿಂದ ಆಯಿಲ್ ಸ್ವಲ್ಪ ಸ್ವಲ್ಪ ಜಾರಿ ಫೋರ್ಕ್ ತಾನ ಕೆಳಗ ಇಳೀತದ. ಹೊಸ ಗಾಡಿನೂ ಇಳೀತದ, ಹಳೇದು ಇನ್ನೂ ಲಗೂನ ಇಳೀತದ. ಬೆಳಿಗ್ಗೆ ಅಳದದ್ದು ಬೆಳಗಿನ ಎತ್ತರ, ಡಿಕ್ಕಿ ಹೊತ್ತಿಂದಲ್ಲ. ಡಿಕ್ಕಿ ಹೊತ್ತಿನ ಎತ್ತರ ಬೇಕಂದ್ರ ವಿಡಿಯೋದಾಗ ನೋಡ್ರಿ.

ಇನ್ನ ಬ್ರೇಕ್ ಮಾತು. "ಬ್ರೇಕ್ ಸರಿ ಐತಿ" ಅಂತ ಯಾವ ಪೆಡಲ್ ಒತ್ತಿ ನೋಡಿದ್ರಿ? ನಿಮ್ಮದು ಟಾರ್ಕ್ ಕನ್ವರ್ಟರ್ ಗಾಡಿ ಇದ್ರ ಎಡಕ್ಕ ಇಂಚಿಂಗ್ ಪೆಡಲ್, ನಡುವ ಬ್ರೇಕ್, ಬಲಕ್ಕ ಆಕ್ಸಿಲರೇಟರ್. ಇಂಚಿಂಗ್ ಅರ್ಧ ಒತ್ತಿದ್ರ ಗೇರ್‌ಬಾಕ್ಸ್ ಡ್ರೈವ್ ಬಿಡ್ತದ ಅಷ್ಟ, ಬ್ರೇಕ್ ಇನ್ನೂ ಹಿಡಿದಿರೂದಿಲ್ಲ. ಪೂರ್ತಿ ತುಳದ್ರ ಮಾತ್ರ ಬ್ರೇಕ್ ಕೂಡ್ತದ. ಆ ನಡುವಿನ ಜಾಗದಾಗ ಗಾಡಿ ನ್ಯೂಟ್ರಲ್‌ನಾಗ ಉಳ್ಳಾಕತ್ತಿದಂಗ ಉಳ್ಳತದ. ದಿನಾ ಎಡಗಾಲು ಇಂಚಿಂಗ್ ಮ್ಯಾಲೆ ಇಟ್ಟು ಓಡ್ಸಾಂವ ಗಾಬರಿಯಾದಾಗ ಅದನ್ನ ಅರ್ಧ ಒತ್ತಿ "ಬ್ರೇಕ್ ಹತ್ತಲಿಲ್ಲ" ಅಂತಾನ. ಸುಳ್ಳು ಹೇಳಾಕತ್ತಿಲ್ಲ ಅಂವ.

ಮಾಲು_ಸಾಗಾಟ_ಗದಗ

ಇನ್ಶೂರೆನ್ಸ್ ಕ್ಲೇಮ್ ಮಾಡೋದಾದ್ರೆ ಮೊದಲು ಸರ್ವೇಯರ್ ಬರೋವರೆಗೆ ಗಾಡಿ ಮುಟ್ಟಬೇಡಿ. ನಮ್ಮ ಲಾರಿಗೆ ಹಿಂದಿನಿಂದ ಗುದ್ದಿದಾಗ ಇದೇ ತೊಂದರೆ ಆಗಿತ್ತು, ಬಂಪರ್ ದುಡ್ಡು ಇನ್ನೂ ಬಂದಿಲ್ಲ.

ತಾರಿಹಾಳ_ಎರಡನೇಪಾಳಿ

ಇದು ಕ್ಲೇಮಿನ ವರದಿ ಅಲ್ರಿ, ಕಮಿಟಿಗೆ ಕೊಡೋದು.

ಅಳತೆ ತಗೊಂಡು ಬಂದೆ. ವಿಡಿಯೋದಾಗ ಪ್ಯಾಲೆಟ್ಟಿನ ತಳ ನೆಲದಿಂದ ಸುಮಾರು 15 ಸೆಂ.ಮೀ. ಮ್ಯಾಲೆ ಐತಿ. ಪ್ಯಾಲೆಟ್ ಎತ್ತರ 15 ಸೆಂ.ಮೀ. ಅದರ ಮ್ಯಾಲೆ 25 ಸೆಂ.ಮೀ. ಪೆಟ್ಟಿಗೆ 6 ಪದರ. ಅಂದ್ರ ತುದಿ 1.80 ಮೀಟರ್. ಅದೇ ಚಾಲಕನ್ನ ಕೂಡಿಸಿ ಅಳದೆ, ಕಣ್ಣಿನ ಎತ್ತರ 1.85 ಮೀಟರ್. ಕಣ್ಣಿನಿಂದ ಲೋಡಿನ ಮುಂದಿನ ಅಂಚಿಗೆ 2.7 ಮೀಟರ್.

ಕ್ಯಾಮೆರಾದಾಗ ಎರಡು ಕಂಬ ಕಾಣ್ತಾವು, ನಡುವ 6 ಮೀಟರ್. ಒಂದರಿಂದ ಇನ್ನೊಂದಕ್ಕ ಫೋರ್ಕ್‌ಲಿಫ್ಟಿನ ಮುಂದಿನ ಚಕ್ರ ಬರೂಕ 30 ಫ್ರೇಮ್ ಹಿಡದಾವು. ರೆಕಾರ್ಡಿಂಗ್ ಸೆಕೆಂಡಿಗೆ 15 ಫ್ರೇಮ್ ಅಂತ ಸೆಟ್ಟಿಂಗ್‌ನಾಗ ಐತಿ.

ಬೇಲೂರು_ಸೇಫ್ಟಿ

30 ಫ್ರೇಮ್ ಅಂದ್ರ 2 ಸೆಕೆಂಡ್, 6 ಮೀಟರ್. ಸೆಕೆಂಡಿಗೆ 3 ಮೀಟರ್, ಗಂಟೆಗೆ ಸುಮಾರು 11 ಕಿ.ಮೀ. ಆದ್ರ ಸೆಟ್ಟಿಂಗ್ ನಂಬಬ್ಯಾಡ್ರಿ. ಕೆಲವು ಡಿವಿಆರ್ ಸಂಜೆ ಬೆಳಕು ಕಡಿಮೆ ಆದಾಗ ಫ್ರೇಮ್ ಬಿಡ್ತಾವ. ಮೂಲೆಯೊಳಗ ಓಡೋ ಗಡಿಯಾರ ನೋಡಿ, ಒಂದು ಸೆಕೆಂಡ್ ಬದಲಾಗೋದರೊಳಗ ನಿಜವಾಗಿ 15 ಫ್ರೇಮ್ ಐತೋ ಇಲ್ಲೋ ಎಣಿಸ್ರಿ. 10 ಇದ್ರ ವೇಗ ಗಂಟೆಗೆ 7 ಕಿ.ಮೀ.ಗೆ ಇಳೀತದ, ನಿಮ್ಮ "ಅತಿವೇಗ" ಅಲ್ಲೇ ಮಾಯ.

15 ಅಂತಲೇ ಇಟ್ಕೊಳ್ಳೋಣ. ಅಪಾಯ ಗುರುತಿಸಿ ಕಾಲು ಬ್ರೇಕಿಗೆ ಬರೂಕ ಒಂದೂವರೆ ಸೆಕೆಂಡ್ ಅಂತ ಹಿಡೀರಿ, ಅಷ್ಟರಾಗ ಗಾಡಿ 4.5 ಮೀಟರ್ ಹೋಗಿರ್ತದ. ಒಣಗಿದ ಕಾಂಕ್ರೀಟ್ ಮೇಲೆ, ಲೋಡ್ ಮುಂದಕ್ಕ ಜಾರದಂಗ ಹಿಡಿಯೋ ಬ್ರೇಕಿಗೆ ಇನ್ನೂ ಎರಡೂಕಾಲು ಮೀಟರ್ ಬೇಕು. ಒಟ್ಟು ಹತ್ತಿರ ಹತ್ತಿರ 7 ಮೀಟರ್. ಹೆಲ್ಪರ್ ಅಡ್ಡ ಬಂದಾಗ ಲೋಡಿನ ಮುಂಚೂಣಿಯಿಂದ ಎಷ್ಟು ದೂರ ಇದ್ದ?

ತಾರಿಹಾಳ_ಎರಡನೇಪಾಳಿ

ವಿಡಿಯೋ ಪ್ರಕಾರ 3 ಮೀಟರ್. ಅದಕ್ಕೂ ಮೊದಲು ಸಾಲಿನ ಕೊನೆಗೆ ಇಟ್ಟಿದ್ದ ಡಿಸ್ಪ್ಯಾಚ್ ಪ್ಯಾಲೆಟ್‌ಗಳ ಹಿಂದ ಇದ್ದ.

ಗಡಿಯಾರ ನೋಡಿ ಎಣಿಸಿದೆ, 15 ಸರಿ ಐತಿ.

ಹುಬ್ಬಳ್ಳಿ_ಗೋಡೌನ್_ಮ್ಯಾನೇಜರ್

ಹಾಗಾದರೆ ಉತ್ತರ ಸಿಕ್ಕಿತಲ್ಲ. ಸ್ಪೀಡ್ ಲಿಮಿಟರ್ ಹಾಕಿಸಿ, ಗಂಟೆಗೆ 5 ಕಿ.ಮೀ. ಸಾಕು. ಜೊತೆಗೆ ನೀಲಿ ಲೈಟ್, ಮುಂದೆ 5 ಮೀಟರಿಗೆ ನೆಲದ ಮೇಲೆ ಚುಕ್ಕಿ ಬೀಳುವಂತೆ. ಹೆಲ್ಪರ್‌ಗೆ ಗಾಡಿ ಬರೋದು ಮೊದಲೇ ಗೊತ್ತಾಗುತ್ತೆ. ಇವೆರಡು ಹಾಕಿಸಿದ ಮೇಲೆ ನಮ್ಮಲ್ಲಿ ಕಿರಿಕಿರಿ ಇಲ್ಲ.

ಬೇಲೂರು_ಸೇಫ್ಟಿ

ಅರ್ಧ ಸರಿ ಐತ್ರಿ ಸರ. 5 ಕಿ.ಮೀ. ವೇಗದಾಗ ನಿಲ್ಲೂಕ ಎರಡೂವರೆ ಮೀಟರ್ ಸಾಕು, 3 ಮೀಟರ್ ಜಾಗದಾಗ ಗಾಡಿ ನಿಲ್ಲತದ. ಆದ್ರ ಯಾವಾಗ? ಚಾಲಕ ಆ ಮನುಷ್ಯನ್ನ ನೋಡಿದ್ರ. ಅವರು ಕೊಟ್ಟ ಅಳತೆ ಹಾಕಿ ನೋಡ್ರಿ.

ಕಣ್ಣು 1.85, ಲೋಡಿನ ತುದಿ 1.80. 2.7 ಮೀಟರ್ ಮುಂದಕ್ಕ ಹೋಗೂದರಾಗ ದೃಷ್ಟಿ ಬರೇ 5 ಸೆಂ.ಮೀ. ಇಳೀತದ, ಅಂದ್ರ ಹೆಚ್ಚು ಕಡಿಮೆ ನೇರ ಗೆರೆ. ಆ ಗೆರೆಯ ಕೆಳಗೆ ಇರೋದು ಯಾವುದೂ ಕಾಣೂದಿಲ್ಲ. 1.70 ಎತ್ತರದ ಮನುಷ್ಯ ನೆಟ್ಟಗ ನಿಂತ್ರೂ, ಲೋಡಿನಿಂದ ಐದೂವರೆ ಮೀಟರ್ ಒಳಗಿದ್ರ ಅವನ ನೆತ್ತಿನೂ ಕಾಣೂದಿಲ್ಲ. ಹ್ಯಾಂಡ್ ಪ್ಯಾಲೆಟ್ ಟ್ರಕ್ ಎಳಿಯಾಂವ ಬಾಗಿರ್ತಾನ, ತಲೆ 1.20 ಮೀಟರ್ ಹತ್ತಿರ. ಅವನು 32 ಮೀಟರ್ ದೂರದ ತನಕ ಆ ಪೆಟ್ಟಿಗೆಯ ಹಿಂದೆ ಅಡಗಿರ್ತಾನ. ನಿಮ್ಮ ಅಡ್ಡದಾರಿ ಅಷ್ಟು ಉದ್ದ ಇರೂದು ಅನುಮಾನ.

ಅದೇ ಲೋಡ್ 5 ಪದರ ಇದ್ರ ತುದಿ 1.55. ಬಾಗಿದ ಮನುಷ್ಯ 3 ಮೀಟರ್ ಆಚೆ ಇದ್ರ ಕಾಣ್ತಾನ. 4 ಪದರ, 1.30 ಇದ್ರ ಅರ್ಧ ಮೀಟರ್ ಆಚೆಯಿಂದಲೇ ಕಾಣ್ತಾನ. ಒಂದು ಪದರ ಪೆಟ್ಟಿಗೆ ಹೆಚ್ಚು ಕಡಿಮೆ ಆದ್ರ ಇಷ್ಟು ಫರಕ್ ಬೀಳ್ತದ. "ಲೋಡ್ ಕಣ್ಣಿಗಿಂತ ಕೆಳಗೇ ಐತಿ, ಕಾಣ್ತದ" ಅಂತ ಚಾಲಕರು ಹೇಳ್ತಾರ, ಅವರಿಗೆ ಕಾಣೋದು ದೂರದ ಗೋಡೆ, ಎದುರಿನ ಮನುಷ್ಯ ಅಲ್ಲ.

ನೀಲಿ ಲೈಟಿಗೂ ಇದೇ ಗತಿ. ಲೈಟ್ ಚಾವಣಿ ಕಂಬಿ ಮ್ಯಾಲೆ 2.1 ಮೀಟರಿಗೆ ಇರ್ತದ. 1.80 ಲೋಡ್ ಹೊತ್ತಾಗ 5 ಮೀಟರಿಗೆ ಸೆಟ್ ಮಾಡಿದ ಚುಕ್ಕಿ ನೆಲಕ್ಕ ಬೀಳೂದಿಲ್ಲ, ಪೆಟ್ಟಿಗೆ ಬೆನ್ನ ಮ್ಯಾಲೆ ಬೀಳ್ತದ. ಖಾಲಿ ಗಾಡಿ ಓಡಿಸಿ ಟೆಸ್ಟ್ ಮಾಡಿದ್ರ ಚೆಂದ ಕಾಣ್ತದ, ಅದಕ್ಕ ಯಾರಿಗೂ ಗೊತ್ತಾಗಲ್ಲ. ಹಿಂದಿನ ನೀಲಿ ಲೈಟ್ ಮಾತ್ರ ನಿಜವಾಗಿ ಉಪಯೋಗ, ರಿವರ್ಸ್ ಬರುವಾಗ.

ಹುಬ್ಬಳ್ಳಿ_ಗೋಡೌನ್_ಮ್ಯಾನೇಜರ್

ಲೈಟಿನ ವಿಚಾರ ಹೊಳೆದಿರಲಿಲ್ಲ, ಸಂಜೆ ತುಂಬಿದ ಪ್ಯಾಲೆಟ್ ಎತ್ತಿಸಿ ನೋಡುತ್ತೇನೆ. ಆದರೂ ಲಿಮಿಟರ್ ಬೇಕೇ ಬೇಕು ಅನ್ನೋದು ನನ್ನ ಮಾತು.

ಬೇಲೂರು_ಸೇಫ್ಟಿ

ಬೇಕು, ಇಲ್ಲ ಅಂದಿಲ್ಲ. 11ರ ವೇಗದಾಗ ಪೂರ್ತಿ ಕಂಡಿದ್ರೂ ನಿಲ್ಲತಿರಲಿಲ್ಲ. 5ರ ವೇಗದಾಗ ನಿಲ್ಲತಿತ್ತು, ಆದ್ರ ಕಾಣತಿರಲಿಲ್ಲ. ವರದಿಯಲ್ಲಿ ಈ ಎರಡೂ ಒಟ್ಟಿಗೆ ಬರಬೇಕು. ಒಂದನ್ನ ಸರಿ ಮಾಡಿ ಇನ್ನೊಂದು ಬಿಟ್ರ ಡಿಕ್ಕಿ ಹಂಗೇ ಉಳೀತದ.

ಈಗ ಮುಂದಿನ ಪ್ರಶ್ನೆ: 6 ಪದರ ಯಾರು ಕಟ್ಟಿದ್ರು, ಯಾವಾಗಿಂದ?

ಬ್ಯಾಡಗಿ_ಕೋಲ್ಡ್‌ಸ್ಟೋರ್

ನಮ್ಮದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್. ಮೇಲಿನ 7 ಮೀಟರ್ ಲೆಕ್ಕ ಒಣ ನೆಲಕ್ಕೆ ಮಾತ್ರ ಅಂತ ಬರೀರಿ. ನಮ್ಮ ಬಾಗಿಲ ಹತ್ರ ಒಳಗಿನ ತಂಪು ಹೊರಗಿನ ಸೆಖೆ ಕೂಡಿ ನೆಲ ಬೆವರುತ್ತೆ, ಅದರ ಮೇಲೆ ಮೆಣಸಿನಕಾಯಿ ಪುಡಿ ಬಿದ್ರೆ ಸಾಬೂನಿನ ಹಾಗೆ. ಹಿಡಿತ ಅರ್ಧಕ್ಕೆ ಇಳಿದ್ರೆ ಬ್ರೇಕಿನ ದೂರ ಎರಡರಷ್ಟು. ಬಾಗಿಲಿನಿಂದ ಒಳಗೆ 10 ಮೀಟರ್ ನಾವು ನಡಿಗೆ ವೇಗ ಅಂತ ಗೆರೆ ಎಳೆದಿದ್ದೇವೆ. ತಾರಿಹಾಳದಲ್ಲಿ ನೆಲ ಒದ್ದೆ ಇತ್ತಾ? ಆಯಿಲ್ ಚೆಲ್ಲಿತ್ತಾ?

ತಾರಿಹಾಳ_ಎರಡನೇಪಾಳಿ

ನೆಲ ಒಣ ಇತ್ತು, ಫೋಟೋ ಅವ. ಟೈರ್ ಗೆರೆ ಎಲ್ಲೂ ಇಲ್ಲ.

ಪದರದ ವಿಚಾರ ಕೇಳಿದೆ. ಮೊದಲು 5 ಇತ್ತು. ಎರಡು ವಾರದ ಹಿಂದ ಲಾರಿಯೊಳಗ ಜಾಸ್ತಿ ತುಂಬಬೇಕಂತ ಡಿಸ್ಪ್ಯಾಚ್‌ನವರು 6 ಮಾಡ್ಯಾರ. ಮೇಲ್ ಬಂದೈತಿ, ಅದರಾಗ ಫೋರ್ಕ್‌ಲಿಫ್ಟ್ ಮಾತೇ ಇಲ್ಲ. ಸಾಲಿನ ತುದಿಗೆ ಪ್ಯಾಲೆಟ್ ಇಡೋದೂ ಅವಾಗಿಂದನ ಶುರು, ಸ್ಟೇಜಿಂಗ್ ಜಾಗ ಸಾಲಲಿಲ್ಲಂತ.

ನಮ್ಮ ನಿಯಮದಾಗ "ಮುಂದೆ ಕಾಣದಿದ್ದರೆ ರಿವರ್ಸ್ ಓಡಿಸಬೇಕು" ಅಂತ ಐತಿ. ಚಾಲಕ ಮುಂದಕ್ಕನ ಓಡಿಸ್ಯಾನ. ಇದು ಅವನ ತಪ್ಪು ಅಲ್ಲೇನ್ರಿ?

ಕಮಿಟಿ_ಕಾರ್ಮಿಕ_ಪ್ರತಿನಿಧಿ

ಅಣ್ಣಾ, ಅದೇ ವಿಡಿಯೋದಾಗ ಆವತ್ತಿನ ಮಧ್ಯಾಹ್ನದಿಂದ ನೋಡ್ರಿ. 6 ಪದರದ ಎಷ್ಟು ಲೋಡ್ ಹೊರಗ ಬಂದಾವು, ಅದರಾಗ ಎಷ್ಟು ರಿವರ್ಸ್ ಬಂದಾವು, ಎಷ್ಟು ಮುಂದಕ್ಕ, ಯಾವ ಯಾವ ಚಾಲಕ. ಎಣಿಸಿ ವರದಿಯಾಗ ಹಾಕ್ರಿ. ಒಬ್ಬಾಂವ ಅಷ್ಟ ಮುಂದಕ್ಕ ಬಂದಿದ್ರ ಅವನ ತಪ್ಪು ಅನ್ರಿ, ನಾನೂ ಒಪ್ಪತೇನಿ. ಎಲ್ಲಾರೂ ಮುಂದಕ್ಕ ಬಂದಿದ್ರ, ಸೂಪರ್‌ವೈಸರ್ ಅಲ್ಲೇ ನಿಂತು ನೋಡಿದ್ರ, ಅದು ನಿಯಮ ಅಲ್ಲ, ಗ್ವಾಡಿ ಮ್ಯಾಲಿನ ಕಾಗದ.

ಇನ್ನೊಂದು. ಹೇಳಿಕೆ ತಗೊಳ್ಳುವಾಗ ಖಾಲಿ ಹಾಳಿ ಮ್ಯಾಲೆ ಸಹಿ ಬ್ಯಾಡ. ಅವನು ಹೇಳಿದ್ದು ಅವನ ಮಾತಿನಾಗ ಬರೀರಿ, ಓದಿ ಹೇಳ್ರಿ, ಆಮೇಲೆ ಸಹಿ. "ಬ್ರೇಕ್ ಹತ್ತಲಿಲ್ಲ" ಅಂದಿದ್ದನ್ನ "ಬ್ರೇಕ್ ಫೇಲ್" ಅಂತ ನೀವ ತಿದ್ದೀರಿ ಅನಸ್ತದ. ಹೆಲ್ಪರ್ ಹೇಳಿಕೆ ನಿಮ್ಮ ಕರಡಿನಾಗ ಇಲ್ಲೇ ಇಲ್ಲ. ಅವನಿಗೆ ಹಾರ್ನ್ ಕೇಳಿಸ್ತೋ ಇಲ್ಲೋ?

ತಾರಿಹಾಳ_ಎರಡನೇಪಾಳಿ

ಸರಿ ಹಿಡದ್ರಿ. ಚಾಲಕ ಹೇಳಿದ್ದು "ಒತ್ತಿದೆ, ಹತ್ತಲಿಲ್ಲ" ಅಂತ. ನಾನು ಫೇಲ್ ಅಂತ ಬರದೆ.

ಆಸ್ಪತ್ರೆಗೆ ಹೋಗಿ ಹೆಲ್ಪರ್‌ನ ಕೇಳಿದೆ. ಹಾರ್ನ್ ಕೇಳಿಸ್ತಂತ, ಆದ್ರ ಆ ಹೊತ್ತಿಗೆ ಮೂರು ಗಾಡಿ ಹಾರ್ನ್ ಹೊಡಿಯಾಕತ್ತಿದ್ವಂತ, ಯಾವ ಕಡೆಯಿಂದ ಅಂತ ತಿಳೀಲಿಲ್ಲಂತ. ಪಾಳಿ ಬದಲಾಗೋ ಹೊತ್ತು ಅದು.

ಮಧ್ಯಾಹ್ನ 2ರಿಂದ 6.40ರ ತನಕ ಎಣಿಸಿದೆ. 6 ಪದರದ ಲೋಡ್ 23 ಹೊರಗ ಬಂದಾವು. ರಿವರ್ಸ್ ಬಂದಿದ್ದು 4. ಮೂರೂ ಚಾಲಕರು ಮುಂದಕ್ಕ ಓಡಿಸ್ಯಾರ.

ಕಮಿಟಿ_ಕಾರ್ಮಿಕ_ಪ್ರತಿನಿಧಿ

ಆಯ್ತಲ್ಲ.

ರ‍್ಯಾಕ್_ಕೆಲಸ_ಗದಗ

ಎಲ್ಲಾರೂ ಗಾಡಿ ಹಿಂದೆ ಬಿದ್ದೀರಿ, ಆ ಮೂಲೆ ಕಂಬದ ಮೇಲೆ ಇನ್ನೂ ಮಾಲು ಐತೇನು? ಇದ್ರ ಈ ಪೋಸ್ಟ್ ಓದಿ ಮುಗಿಸೂಕಿಂತ ಮೊದಲು ಕೆಳಗ ಇಳಿಸ್ರಿ. ಆ ಕಂಬ ಹೊರೋ ಎರಡೂ ಕಡೆ ಬೇ, ಮೇಲಿಂದ ಕೆಳಗಿನ ತನಕ ಎಲ್ಲಾ ಅಂತಸ್ತು, ಮೇಲಿನದು ಮೊದಲು.

ಆಮೇಲೆ 1 ಮೀಟರಿನ ನೇರ ಪಟ್ಟಿ ತಗೊಂಡು ಬಾಗಿದ ಜಾಗದ ಮೇಲೆ ಇಟ್ಟು ನಡುವಿನ ಸಂದು ಅಳೀರಿ. ಬಾಗಿದ ದಿಕ್ಕಿನ ಮೇಲೆ 3 ಅಥವಾ 5 ಮಿ.ಮೀ. ಮಿತಿ. ಅದಕ್ಕ ಎರಡರಷ್ಟು ದಾಟಿದ್ರ ಕಂಬ ಬದಲಿಸೋ ತನಕ ಒಂದು ಪೆಟ್ಟಿಗೆನೂ ಇಡಂಗಿಲ್ಲ. ಕಾಯಿಸಿ, ಸುತ್ತಿಗೆಯಿಂದ ಬಡದು ನೆಟ್ಟಗ ಮಾಡಬ್ಯಾಡ್ರಿ. ತೆಳು ತಗಡು ಮಡಚಿ ಮಾಡಿದ ಕಂಬ ಅದು, ಮಡಿಕೆಯ ಆಕಾರದಾಗನ ಅದರ ಬಲ. ಒಮ್ಮೆ ಸುಕ್ಕಾದ ಮೇಲೆ ನೋಡೂಕ ನೆಟ್ಟಗ ಕಂಡ್ರೂ ಹೊರೂದಿಲ್ಲ. ಬುಡದ ಪ್ಲೇಟಿನ ಆಂಕರ್ ಬೋಲ್ಟ್ ಸುತ್ತ ಕಾಂಕ್ರೀಟ್ ಬಿರುಕು ಬಿಟ್ಟೈತೋ ನೋಡ್ರಿ.

ತಾರಿಹಾಳ_ಎರಡನೇಪಾಳಿ

ಮಾಲು ಇತ್ತು. ಈಗ ಇಳಿಸಿದ್ವಿ. ಪಟ್ಟಿ ಇಟ್ರ 14 ಮಿ.ಮೀ. ಸಂದು. ಕೆಂಪು ಟೇಪ್ ಕಟ್ಟೇವಿ.

ಹಳೇ_ಫಿಟ್ಟರ್_ಹುಬ್ಬಳ್ಳಿ

ಪೆಡಲ್ ನೋಡಿದ್ರೋ ಇಲ್ಲೋ?

ತಾರಿಹಾಳ_ಎರಡನೇಪಾಳಿ

ನಮ್ಮ ಮೆಕ್ಯಾನಿಕ್ ನೋಡ್ಯಾನ. ನಡುವಿನ ಬ್ರೇಕ್ ಚಲೋ ಹಿಡೀತದ, ಆಯಿಲ್ ಲೆವೆಲ್ ಸರಿ, ಚಕ್ರದ ಕಡೆ ಸೋರಿಕೆ ಇಲ್ಲ. ಇಂಚಿಂಗ್ ಒತ್ತಿದ್ರ ಡ್ರೈವ್ ಲಗೂ ಬಿಡ್ತದ, ಬ್ರೇಕ್ ಮಾತ್ರ ಬಹಳ ಕೆಳಗ ಹೋದ ಮ್ಯಾಲೆ ಹತ್ತತದ. ಲಿಂಕೇಜ್ ಅಡ್ಜಸ್ಟ್ ಮಾಡಲಿ ಅಂತ ಕೇಳ್ಯಾನ, ಬ್ಯಾಡ ಅಂದೇನಿ.

ಹಳೇ_ಫಿಟ್ಟರ್_ಹುಬ್ಬಳ್ಳಿ

ಚಲೋ ಮಾಡಿದ್ರಿ. ಮುಟ್ಟೂಕಿಂತ ಮೊದಲ ಸ್ಕೇಲ್ ಇಟ್ಟು ಪೆಡಲ್ ಎಲ್ಲಿ ಡ್ರೈವ್ ಬಿಡ್ತದ, ಎಲ್ಲಿ ಬ್ರೇಕ್ ಹತ್ತತದ, ಎರಡೂ ಮಿ.ಮೀ. ಬರಕೊಂಡು ಗಾಡಿಯ ಸರ್ವಿಸ್ ಪುಸ್ತಕದ ಅಳತೆ ಜೊತಿ ಹೋಲಸ್ರಿ. ನನಗ ಕೇಳಿದ್ರ ಇದ ದೊಡ್ಡ ಕಾರಣ. ಟೈರ್ ಗೆರೆ ಇಲ್ಲ ಅಂದ್ರಲ್ಲ, ಗಾಡಿ ಉಳ್ಳಿಕೋತನ ಹೋಗೇತಿ.

ಬೇಲೂರು_ಸೇಫ್ಟಿ

ಗೆರೆ ಇಲ್ಲ ಅಂದ ಮಾತ್ರಕ್ಕ ಬ್ರೇಕ್ ಒತ್ತಿಲ್ಲ ಅಂತ ಬರಿಯೂಕ ಬರೂದಿಲ್ಲ. ಗಟ್ಟಿ ಟೈರು, ನುಣುಪು ನೆಲ, ಚಕ್ರ ಲಾಕ್ ಆಗದಿದ್ರ ಗೆರೆ ಬೀಳೂದೇ ಇಲ್ಲ. 3 ಮೀಟರ್ ಅಂತರದಾಗ ಕಾಲು ಪೆಡಲ್ ಮುಟ್ಟೂದರಾಗ ಡಿಕ್ಕಿ ಆಗಿ ಹೋಗಿರ್ತದ. ಪೆಡಲ್ ಸರಿ ಇದ್ರೂ ಫಲಿತಾಂಶ ಅದೇ. ರ‍್ಯಾಕ್ ಕಂಬಕ್ಕ ಅಷ್ಟು ಜೋರಾಗಿ ಬಡದದ್ದು ಮಾತ್ರ ಪೆಡಲ್ ದೆಸೆಯಿಂದ ಇರಬಹುದು.

ಹಳೇ_ಫಿಟ್ಟರ್_ಹುಬ್ಬಳ್ಳಿ

ಕಾಲು ಮೊದಲ ಇಂಚಿಂಗ್ ಮ್ಯಾಲೆ ಇದ್ದಾಂವಗ ಒಂದೂವರೆ ಸೆಕೆಂಡ್ ಯಾಕ ಬೇಕು? ನಿಮ್ಮ ಲೆಕ್ಕ ಕಾರ್ ಓಡಸಾಂವಂದು. ಸರಿ, ಎರಡೂ ಬರೀರಿ, ಕಮಿಟಿ ನೋಡಲಿ.

ತಾರಿಹಾಳ_ಎರಡನೇಪಾಳಿ

ಕಾರಣದ ಭಾಗ ಮತ್ತೆ ಬರದೆ, ನೋಡ್ರಿ:

"4ನೇ ಸಾಲಿನ ತುದಿಯಲ್ಲಿ ಇಟ್ಟಿದ್ದ ಡಿಸ್ಪ್ಯಾಚ್ ಪ್ಯಾಲೆಟ್‌ಗಳ ಹಿಂದಿನಿಂದ ಹೆಲ್ಪರ್ ಹೊರಬಂದಾಗ ಲೋಡಿನ ಮುಂಚೂಣಿ ಅವನಿಂದ ಸುಮಾರು 3 ಮೀಟರ್ ದೂರದಲ್ಲಿತ್ತು. ಫೋರ್ಕ್‌ಲಿಫ್ಟಿನ ವೇಗ ಗಂಟೆಗೆ ಸುಮಾರು 11 ಕಿ.ಮೀ.; ಈ ವೇಗದಲ್ಲಿ ನಿಲ್ಲಲು ಸುಮಾರು 7 ಮೀಟರ್ ಬೇಕು. ಲೋಡಿನ ತುದಿ 1.80 ಮೀಟರ್, ಚಾಲಕನ ಕಣ್ಣು 1.85 ಮೀಟರ್ ಎತ್ತರದಲ್ಲಿದ್ದುದರಿಂದ ಬಾಗಿ ಎಳೆಯುತ್ತಿದ್ದ ವ್ಯಕ್ತಿ ಚಾಲಕನಿಗೆ ಯಾವ ವೇಗದಲ್ಲೂ ಕಾಣುವಂತಿರಲಿಲ್ಲ. ಪ್ಯಾಲೆಟ್ 5ರಿಂದ 6 ಪದರಕ್ಕೆ ಏರಿದಾಗ ಈ ಬದಲಾವಣೆಯನ್ನು ಗೋಡೌನ್ ಸಂಚಾರದ ದೃಷ್ಟಿಯಿಂದ ಯಾರೂ ಪರಿಶೀಲಿಸಿಲ್ಲ. ಅಂದು 23 ಎತ್ತರದ ಲೋಡ್‌ಗಳಲ್ಲಿ 19 ಮುಮ್ಮುಖವಾಗಿ ಸಾಗಿವೆ. ಪಾಳಿಯ ಮೇಲ್ವಿಚಾರಕನಾಗಿ ನಾನು ತಡೆದಿಲ್ಲ. ಇಂಚಿಂಗ್ ಪೆಡಲ್‌ನಲ್ಲಿ ಬ್ರೇಕ್ ತಡವಾಗಿ ಹತ್ತುತ್ತಿದೆ. ಇದು ಡಿಕ್ಕಿಗೆ ಎಷ್ಟು ಕಾರಣವೆಂಬುದು ತೀರ್ಮಾನವಾಗಿಲ್ಲ."

ಬೇಲೂರು_ಸೇಫ್ಟಿ

"ನಾನು ತಡೆದಿಲ್ಲ" ಅನ್ನೋ ಸಾಲು ಯಾರಾದ್ರೂ ತೆಗೀರಿ ಅಂದ್ರ ತೆಗೀಬ್ಯಾಡ್ರಿ. ಅದಿದ್ದಕ್ಕ ಉಳಿದದ್ದನ್ನ ನಂಬ್ತಾರ.

ಕ್ರಮದ ಭಾಗದಾಗ ಪ್ರತಿಯೊಂದಕ್ಕೂ ಯಾರು, ಯಾವ ತಾರೀಖು, ಆದದ್ದನ್ನ ಯಾರು ಹೆಂಗ ನೋಡ್ತಾರ ಅಂತ ಹಾಕ್ರಿ. "ಮೂಲೆ ಖಾಲಿ ಇಡಬೇಕು" ಅಂದ್ರ ಮೂರನೇ ದಿನ ಮತ್ತೆ ಪ್ಯಾಲೆಟ್ ಬರ್ತಾವ. ಸಾಲಿನ ತುದಿಗೆ ನೆಲಕ್ಕ ಕಬ್ಬಿಣದ ಗಾರ್ಡ್ ಬಿಗದ್ರ ಅಲ್ಲಿ ಪ್ಯಾಲೆಟ್ ಇಡೂಕ ಜಾಗನ ಇರೂದಿಲ್ಲ, ಆ ಹೊಸ ಕಂಬಕ್ಕೂ ರಕ್ಷಣೆ. ಕನ್ನಡಿ ಬೇಕಾದ್ರ ಹಾಕ್ರಿ, ಆದ್ರ ಅದನ್ನ ಕೊನೆಗೆ ಬರೀರಿ, ಮೊದಲ ಕ್ರಮ ಅಂತ ಅಲ್ಲ. ಉಬ್ಬು ಕನ್ನಡಿಯೊಳಗ ಗಾಡಿ ಇರೂದಕ್ಕಿಂತ ದೂರ ಕಾಣ್ತದ, ಮೇಲಿಂದ ಧೂಳು.

ಹೆಲ್ಪರ್ 48 ಗಂಟೆಗಿಂತ ಹೆಚ್ಚು ಕೆಲಸಕ್ಕ ಬರೂದಿಲ್ಲ ಅಂದ ಮ್ಯಾಲೆ ಇಲಾಖೆಗೆ ಹೋಗಬೇಕಾದ ಅಪಘಾತ ನೋಟಿಸ್, ಇಎಸ್‌ಐ ವರದಿ ಇವು ಬೇರೆ. ಎಚ್‌ಆರ್‌ನವರು ಕಳಿಸ್ಯಾರಾ ಅಂತ ಇವತ್ತೇ ಕೇಳ್ರಿ, ಕಮಿಟಿ ಮೀಟಿಂಗಿಗೆ ಕಾಯಬ್ಯಾಡ್ರಿ.

ಹುಬ್ಬಳ್ಳಿ_ಗೋಡೌನ್_ಮ್ಯಾನೇಜರ್

ಪದರದ ಬಗ್ಗೆ ಏನು ಶಿಫಾರಸು ಮಾಡ್ತೀರಿ? 4 ಪದರ ಅಂದ್ರೆ ಡಿಸ್ಪ್ಯಾಚ್‌ನವರು ಒಪ್ಪಲ್ಲ, ಲಾರಿ ಮೂರನೇ ಒಂದು ಭಾಗ ಖಾಲಿ ಹೋಗುತ್ತೆ.

ಬೇಲೂರು_ಸೇಫ್ಟಿ

ಗೋಡೌನ್ ಒಳಗ 4 ಪದರ ಸಾಗಿಸಿ, ಉಳಿದ ಎರಡನ್ನ ಡಾಕ್ ಹತ್ತಿರ ಏರಿಸಬಹುದು.

ಕಮಿಟಿ_ಕಾರ್ಮಿಕ_ಪ್ರತಿನಿಧಿ

ಆ ಎರಡು ಪದರ ಕೈಯಿಂದ ಏರಸಾವ್ರು ಹಮಾಲರು. ಒಂದು ಪೆಟ್ಟಿಗೆ ಎಷ್ಟು ಕೆ.ಜಿ.? ಎದಿಮಟ್ಟಕ್ಕ ಎತ್ತಿ ಇಡಬೇಕು ಅದನ್ನ. ಗಾಡಿ ಅಪಾಯ ತಗದು ಬೆನ್ನುನೋವು ಕೊಟ್ಟಂಗ ಆಗ್ತದ. 6 ಪದರ ಇರಲಿ, ರಿವರ್ಸ್ ಓಡಸಲಿ, ಪಾಳಿ ಬದಲಾಗೋ ಅರ್ಧ ತಾಸು ಫೋರ್ಕ್‌ಲಿಫ್ಟ್ ನಿಲ್ಲಸಲಿ.

ಬೇಲೂರು_ಸೇಫ್ಟಿ

40 ಮೀಟರ್ ಸಾಲು, ದಿನಕ್ಕ ಎಷ್ಟೋ ಸಲ, ಕುತ್ತಿಗೆ ತಿರುಗಿಸಿ ರಿವರ್ಸ್. ಒಂದು ವಾರ ಓಡಸ್ತಾರ, ಎರಡನೇ ವಾರ ಮತ್ತ ಮುಂದಕ್ಕ. 23ರಾಗ 4 ಅಂತ ಈಗ್ಲೇ ನೋಡೀವಲ್ಲ.

ತಾರಿಹಾಳ_ಎರಡನೇಪಾಳಿ

ಪೆಟ್ಟಿಗೆ 14 ಕೆ.ಜಿ. ಐತ್ರಿ. ಎರಡೂ ದಾರಿ ಬರದು ಕಮಿಟಿ ಮುಂದ ಇಡ್ತೇನಿ. ಸದ್ಯಕ್ಕ ಇವತ್ತಿನಿಂದ 5 ಪದರಕ್ಕ ಇಳಿಸಿ, 6.15ರಿಂದ 6.45ರ ತನಕ ಗಾಡಿ ಕೀ ನನ್ನ ಕಡೆ ಇಟ್ಕೊಳ್ಳಾಕತ್ತೇನಿ.

ಬ್ಯಾಡಗಿ_ಕೋಲ್ಡ್‌ಸ್ಟೋರ್

5 ಪದರ ಅಂದ್ರೆ ಮೇಲಿನ ಲೆಕ್ಕದಲ್ಲಿ ಬಾಗಿದ ಮನುಷ್ಯ 3 ಮೀಟರ್ ಒಳಗೆ ಕಾಣಲ್ಲ, ಅಲ್ವಾ? ನಿಮ್ಮ ಹೆಲ್ಪರ್ ಇದ್ದದ್ದೂ ಅದೇ 3 ಮೀಟರ್.

ತಾರಿಹಾಳ_ಎರಡನೇಪಾಳಿ

ಹೌದ್ರಿ. ಅದನ್ನೂ ಬರೀತೇನಿ.